ಮಾವನ ಹೆಬ್ಬೆರಳು

ನಾನು ಊರಿಗೆ ಹೋದಾಗಲೆಲ್ಲ ಯಾರದಾದರೂ ಮನೆಯಲ್ಲಿ ನನಗಾಗಿ ಒಂದು ದೊಡ್ಡ ಕವರ್ ಕಾದಿರುತ್ತದೆ. ಚಿತ್ರದುರ್ಗದ್ದೋ ದಾವಣಗೆರೆಯದ್ದೋ ಸ್ಕ್ಯಾನಿಂಗ್ ಸೆಂಟರಿನ ಹೆಸರು ಅಚ್ಚಾಗಿರುವ, ಮಡಚಬಾರದೆಂದು ಬರೆದಿರುವ ಕವರ್. ಅದನ್ನು ಬೀರುವಿನ ಮೇಲೋ, ದೇವರ ಪಟದ ಹಿಂದೆಯೋ ಜಮೀನಿನ ಪತ್ರಕ್ಕಿಂತ ಜೋಪಾನವಾಗಿ ಇಟ್ಟಿರುತ್ತಾರೆ. ನಾನು ರೇಡಿಯಾಲಜಿಸ್ಟ್. ಬೆಂಗಳೂರಿನ ಒಂದು ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ ಕೂತು, ಇಂಥ ಕವರುಗಳ ಒಳಗೆ ಹೋಗುವ ಇಂಗ್ಲಿಷ್ ವಾಕ್ಯಗಳನ್ನು ಬರೆಯುವುದು ನನ್ನ ಕೆಲಸ. ನಾಯಕನಹಟ್ಟಿಯವರ ಬಾಯಲ್ಲಿ ನಾನು ‘ಫೋಟೋ ನೋಡೋ ಡಾಕ್ಟ್ರು’. ಇಂಜೆಕ್ಷನ್ ಕೊಡುವುದಿಲ್ಲ, ಮಾತ್ರೆ ಬರೆಯುವುದಿಲ್ಲ, ಆದ್ದರಿಂದ ಅರ್ಧ ಡಾಕ್ಟರು.

ಆ ಸಲ ಕವರ್ ಇದ್ದದ್ದು ನನ್ನ ಸೋದರಮಾವನ ಮನೆಯಲ್ಲಿ. ಕಾರ್ತಿಕ ಕಳೆಯುವ ಹೊತ್ತು. ಶೇಂಗಾ ಕಿತ್ತು, ಬಿಡಿಸಿ, ಒಣಗಿಸಿ, ಚೀಲ ತುಂಬಿ ಚಳ್ಳಕೆರೆ ಮಂಡಿಗೆ ಸಾಗಿಸಿ ಮುಗಿದಿತ್ತು. ಸಾಗಿಸುವ ದಿನವೇ, ಟ್ರ್ಯಾಕ್ಟರಿನ ಮೇಲಕ್ಕೆ ಚೀಲ ಎತ್ತಿಕೊಡುವಾಗ ಮಾವನಿಗೆ ಸೊಂಟದಲ್ಲಿ ‘ಚಳಕ್’ ಎಂದಿತ್ತಂತೆ. ಎರಡು ದಿನಕ್ಕೆ ನೋವು ಎಡ ಕುಂಡಿಗೆ ಇಳಿಯಿತು, ಆಮೇಲೆ ತೊಡೆಯ ಪಕ್ಕಕ್ಕೆ, ಅಲ್ಲಿಂದ ಮೊಣಕಾಲಿನ ಕೆಳಗಿನ ಹೊರಭಾಗಕ್ಕೆ, ಕೊನೆಗೆ ಪಾದದ ಮೇಲಕ್ಕೆ. ಐದು ವಾರ ಆಗಿತ್ತು. ನಾನು ಹೋದಾಗ ಅವನು ಪಡಸಾಲೆಯಲ್ಲಿ ಬಲಮಗ್ಗುಲಾಗಿ ಮಲಗಿದ್ದ. ನನ್ನನ್ನು ನೋಡಿ ಏಳಲು ಹೋಗಿ, ಅರ್ಧಕ್ಕೆ ನಿಂತು, “ಬಾ ಅಳಿಯಾ, ಮೂರು ಡಿಸ್ಕು ಹೋಗ್ಯಾವಂತೆ” ಅಂದ. ಮೂರು ಕುರಿ ಸತ್ತವು ಅನ್ನುವಾಗಿನ ಧ್ವನಿ ಅದು.

ಕುರಿಯ ಮಾತೂ ಬಂತು. ಹದಿನಾಲ್ಕು ಕುರಿಗಳಿಗೆ ಗಿರಾಕಿ ಗೊತ್ತಾಗಿದ್ದ. ಬರುವ ಸೋಮವಾರ ಮುಂಗಡ ಕೊಡುವವನಿದ್ದ. ಆಪರೇಷನ್ ಖರ್ಚಿಗೆ.

“ಯಾರು ಹೇಳಿದ್ರು ಆಪರೇಷನ್ ಅಂತ?”

“ಯಾರು ಹೇಳ್ಬೇಕು, ಅದ್ರಾಗೇ ಬರ್ದೈತಲ್ಲ.”

ಬರೆದಿರಲಿಲ್ಲ. ಎಂಆರ್‌ಐ ವರದಿಯಲ್ಲಿ ಹಾಗೆಲ್ಲ ಬರೆಯುವುದಿಲ್ಲ. ಆದರೆ ಮಾವನ ಮಗಳು, ಪಿಯುಸಿ ಓದುವ ಹುಡುಗಿ, ನಿಘಂಟು ಇಟ್ಟುಕೊಂಡು ಆ ಒಂದು ಹಾಳೆಯನ್ನು ಕನ್ನಡಕ್ಕೆ ತಂದಿದ್ದಳು. ಪ್ರತಿ ಕಷ್ಟದ ಪದದ ಮೇಲೂ ಪೆನ್ಸಿಲಿನಲ್ಲಿ ಸಣ್ಣಗೆ ಅರ್ಥ. ‘ಡಿಜನರೇಟಿವ್’ ಮೇಲೆ ‘ಅವನತಿ’. ‘ಡೆಸಿಕೇಶನ್’ ಮೇಲೆ ‘ಒಣಗಿ ಹೋಗುವುದು’. ‘ಬಲ್ಜ್’ ಮೇಲೆ ‘ಉಬ್ಬು’, ‘ಪ್ರೊಟ್ರೂಷನ್’ ಮೇಲೆ ‘ಹೊರಚಾಚಿಕೆ’, ‘ಕಾಂಟ್ಯಾಕ್ಟ್’ ಮೇಲೆ ‘ಸಂಪರ್ಕ’. ಒಂದೂ ತಪ್ಪಿಲ್ಲ. ಎಲ್ಲ ಸೇರಿಸಿ ಓದಿದರೆ ಮಾತ್ರ ಯಾರೋ ಸಾಯುತ್ತಿರುವ ಹಾಗಿತ್ತು. ನಾನು ದಿನಕ್ಕೆ ಹತ್ತು ಹದಿನೈದು ಬಾರಿ ಬರೆಯುವ ಪದಗಳು ಒಂದು ಮನೆಯೊಳಗೆ ಹೋಗಿ ಏನಾಗುತ್ತವೆ ಎಂದು ನಾನು ನೋಡಿದ್ದು ಅದೇ ಮೊದಲು.

ವರದಿಯ ಮುಖ್ಯ ಭಾಗ ಮೂರೇ ಸಾಲು. ಸೊಂಟದ ಐದು ಮೂಳೆಗಳನ್ನು ಮೇಲಿನಿಂದ ಎಲ್1, ಎಲ್2 ಎಂದು ಎಣಿಸಿ ಎಲ್5ಕ್ಕೆ ನಿಲ್ಲಿಸುತ್ತೇವೆ. ಅದರ ಕೆಳಗಿನದು ಎಸ್1. ಎರಡು ಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್, ಅದಕ್ಕೆ ಮೇಲಿನ ಕೆಳಗಿನ ಮೂಳೆಗಳದ್ದೇ ಹೆಸರು. ಮಾವನ ಎಲ್3-ಎಲ್4 ಡಿಸ್ಕಿನಲ್ಲಿ ಸುತ್ತಲೂ ಸ್ವಲ್ಪ ಬಲ್ಜ್, ನರಕ್ಕೆ ಏನೂ ತೊಂದರೆ ಇಲ್ಲ ಎಂದಿತ್ತು. ಎಲ್4-ಎಲ್5ರಲ್ಲಿ ಬಲ್ಜ್ ಜೊತೆಗೆ ನಡುಗೆರೆಯ ಪಕ್ಕದಲ್ಲಿ, ಎಡಕ್ಕೆ, ಒಂದು ಪ್ರೊಟ್ರೂಷನ್. ಅದು ನರಗಳ ಚೀಲವನ್ನು ಸ್ವಲ್ಪ ಒಳಕ್ಕೆ ಒತ್ತಿ, ಕೆಳಗೆ ಇಳಿದು ಹೋಗುತ್ತಿರುವ ಎಡಗಡೆಯ ಎಲ್5 ನರದ ಬೇರಿಗೆ ತಾಗುತ್ತಿದೆ. ಎಲ್5-ಎಸ್1ರಲ್ಲಿ ಮತ್ತೆ ಬಲ್ಜ್, ಬಲಗಡೆ ನರ ಹೊರಬೀಳುವ ಕಿಂಡಿ ಕೊಂಚ ಕಿರಿದಾಗಿದೆ, ಅಲ್ಲಿ ಬಲಗಡೆಯ ಎಲ್5 ನರಕ್ಕೆ ತಾಗುತ್ತಿದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಅನೇಕ ಹಂತಗಳ ಡಿಜನರೇಟಿವ್ ಡಿಸ್ಕ್ ಡಿಸೀಸ್.

“ಮಾವ, ಶೇಂಗಾ ಚೀಲ ಒಂದರ ಮೇಲೊಂದು ಅಟ್ಟಿ ಹಾಕಿದ್ರೆ ಕೆಳಗಿನ ಚೀಲ ಏನಾಗುತ್ತೆ?”

“ಹೊಟ್ಟೆ ಬಿಡ್ತೈತೆ.”

“ಸುತ್ತಲೂ?”

“ಸುತ್ತಲೂ.”

ಅದು ಬಲ್ಜ್ ಎಂದೆ. ಚೀಲ ಹರಿದಿಲ್ಲ, ಕಾಳು ಚೆಲ್ಲಿಲ್ಲ, ಭಾರಕ್ಕೆ ಅಂಚು ಹೊರಗೆ ಬಂದಿದೆ. ಇನ್ನೊಂದು ಚೀಲ ಇದೆ, ಅದರ ಒಂದು ಮೂಲೆಯ ಹೊಲಿಗೆ ಸಡಿಲ. ಹೇರಿದಾಗ ಆ ಮೂಲೆ ಮಾತ್ರ ಗುಬುಟಿನ ಹಾಗೆ ಮುಂದೆ ಬರುತ್ತದೆ. ಅದು ಪ್ರೊಟ್ರೂಷನ್. ಮಾವ ಕಣ್ಣು ಮುಚ್ಚಿ ಸ್ವಲ್ಪ ಯೋಚಿಸಿ, ಸರಿಯಾದ ಪ್ರಶ್ನೆಯನ್ನೇ ಕೇಳಿದ: “ಒಡ್ದೈತೋ ಇಲ್ಲೋ, ಅದು ಹೇಳು.”

ನಮ್ಮ ಶಾಸ್ತ್ರವೂ ಇದನ್ನೇ ಕೇಳುತ್ತದೆ, ಸ್ವಲ್ಪ ಅಳತೆ ಹಿಡಿದು. 2014ರಲ್ಲಿ ಅಮೆರಿಕದ ಮೂರು ವೈದ್ಯಕೀಯ ಸಂಘಗಳು ಕೂಡಿ ಒಪ್ಪಿಕೊಂಡ ಪದವ್ಯಾಖ್ಯೆ ನಾವೆಲ್ಲ ಬಳಸುವಂಥದ್ದು. ಡಿಸ್ಕನ್ನು ಮೇಲಿನಿಂದ ಒಂದು ರೊಟ್ಟಿಯ ಹಾಗೆ ನೋಡಿ. ಅದರ ಸುತ್ತಳತೆಯ ಕಾಲುಭಾಗಕ್ಕಿಂತ ಹೆಚ್ಚು ಉದ್ದಕ್ಕೆ ಅಂಚು ಹೊರಬಂದಿದ್ದರೆ ಅದು ಬಲ್ಜ್, ಮತ್ತು ಬಲ್ಜ್ ಎಂಬುದು ಹರ್ನಿಯೇಶನ್ ಅಲ್ಲ. ಕಾಲುಭಾಗಕ್ಕಿಂತ ಕಡಿಮೆ ಜಾಗದಲ್ಲಿ ಒಳಗಿನ ವಸ್ತು ಹೊರಬಂದಿದ್ದರೆ ಹರ್ನಿಯೇಶನ್. ಅದರಲ್ಲೂ ಬುಡ ಅಗಲವಾಗಿದ್ದು ತುದಿಯತ್ತ ಕಿರಿದಾಗಿದ್ದರೆ ಪ್ರೊಟ್ರೂಷನ್. ತಲೆ ಬುಡಕ್ಕಿಂತ ಅಗಲವಾಗಿದ್ದರೆ, ಅಂದರೆ ತೂತಿನಿಂದ ಹೊರಬಂದು ಹರಡಿಕೊಂಡಿದ್ದರೆ, ಎಕ್ಸ್‌ಟ್ರೂಷನ್. ಹೊರಬಂದ ತುಂಡು ತಾಯಿಡಿಸ್ಕಿನಿಂದ ಪೂರ್ತಿ ಕಳಚಿಕೊಂಡಿದ್ದರೆ ಸೀಕ್ವೆಸ್ಟ್ರೇಷನ್. ಇದಕ್ಕೂ ಮೊದಲು, 2001ರ ವ್ಯಾಖ್ಯೆಯಲ್ಲಿ ಬಲ್ಜ್ ಅನ್ನಿಸಿಕೊಳ್ಳಲು ಅರ್ಧಕ್ಕಿಂತ ಹೆಚ್ಚು ಸುತ್ತಳತೆ ಬೇಕಿತ್ತು. ಹಾಗಾಗಿ ಮೂರನೇ ಒಂದು ಭಾಗದಷ್ಟು ಉಬ್ಬಿದ ಡಿಸ್ಕ್ ಆಗ ಹರ್ನಿಯೇಶನ್ ಆಗಿತ್ತು, ಈಗ ಬಲ್ಜ್. ಡಿಸ್ಕು ಮಾತ್ರ ಅದೇ.

“ಒಡೆದಿಲ್ಲ ಮಾವ” ಎಂದೆ. ಪ್ರೊಟ್ರೂಷನ್ ಅಂದರೆ ಅಷ್ಟು ಹೇಳಬಹುದು ಎಂದುಕೊಂಡೆ.

ಫಿಲ್ಮನ್ನು ಕವರಿನಿಂದ ತೆಗೆದು ಹಿತ್ತಲ ಬಾಗಿಲ ಬೆಳಕಿಗೆ ಹಿಡಿದೆ. ಎಂಆರ್‌ಐಯಲ್ಲಿ ಹಲವು ಬಗೆಯ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಟಿ2 ಎಂಬ ಬಗೆಯಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಎಳೆಯರ ಡಿಸ್ಕಿನ ನಡುವೆ ನೀರಿನಂಶ ಹೆಚ್ಚು, ಬೆಳ್ಳಗಿರುತ್ತದೆ. ವಯಸ್ಸಾದಂತೆ ನೀರು ಕಡಿಮೆಯಾಗಿ ಕಪ್ಪಾಗುತ್ತದೆ. ಹುಡುಗಿ ಒಣಗಿ ಹೋಗುವುದು ಎಂದು ಬರೆದದ್ದು ಇದನ್ನೇ. ಮಾವನ ಮೂರೂ ಡಿಸ್ಕುಗಳು ಕಪ್ಪಗಿದ್ದವು. ಅಡ್ಡಡ್ಡ ಕೊಯ್ದ ಚಿತ್ರದಲ್ಲಿ ನರಗಳ ಚೀಲ ಒಂದು ಬಿಳಿಯ ವೃತ್ತ, ಅದರೊಳಗೆ ನರದ ಎಳೆಗಳು ಎಳ್ಳಿನ ಹಾಗೆ ಕಪ್ಪು ಚುಕ್ಕಿಗಳು. ಎಲ್4-ಎಲ್5ರಲ್ಲಿ ಆ ವೃತ್ತದ ಎಡಮೂಲೆ ಸ್ವಲ್ಪ ಚಪ್ಪಟೆಯಾಗಿತ್ತು. ಇಂಥ ಚಿತ್ರದಲ್ಲಿ ರೋಗಿಯ ಎಡ ನೋಡುವವರ ಬಲಕ್ಕಿರುತ್ತದೆ, ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ ಅದನ್ನೂ ಹೇಳಿದೆ. ಚಪ್ಪಟೆಯಾದ ಮೂಲೆಯಲ್ಲಿ ಚೀಲದಿಂದ ಆಗತಾನೆ ಬೇರೆಯಾದ ಎಲ್5ರ ಬೇರು ಇತ್ತು, ಡಿಸ್ಕಿನ ಅಂಚು ಅದಕ್ಕೆ ಆತುಕೊಂಡಿತ್ತು. ಜರುಗಿಸಿರಲಿಲ್ಲ, ಚಪ್ಪಟೆ ಮಾಡಿರಲಿಲ್ಲ.

ಈ ವ್ಯತ್ಯಾಸ ಮುಖ್ಯ. ನರದ ಬೇರಿಗೆ ಆದ ತೊಂದರೆಯನ್ನು ಅಳೆಯಲು ಸ್ವಿಟ್ಜರ್‌ಲೆಂಡಿನ ಫಿರ್‌ಮನ್ ಮತ್ತು ಸಂಗಡಿಗರು 2004ರಲ್ಲಿ ಒಂದು ನಾಲ್ಕು ಮೆಟ್ಟಿಲಿನ ಕ್ರಮ ಕೊಟ್ಟರು. ಏನೂ ಇಲ್ಲ, ತಾಗಿದೆ, ಸರಿಸಿದೆ, ಹಿಸುಕಿದೆ. ಮಾವನದು ಎರಡನೆಯ ಮೆಟ್ಟಿಲು. ಜಾತ್ರೆಯಲ್ಲಿ ತೇರು ಎಳೆಯುವಾಗ ಪಕ್ಕದವನ ಭುಜ ನಮಗೆ ತಾಗುವುದೂ, ಅವನು ನಮ್ಮನ್ನು ದಬ್ಬುವುದೂ, ಗೋಡೆಗೆ ಒತ್ತಿ ಉಸಿರು ಕಟ್ಟಿಸುವುದೂ ಬೇರೆ ಬೇರೆ. ಕನ್ನಡದಲ್ಲಿ ಮಾತ್ರ ನಾವು ಇದಕ್ಕೆಲ್ಲ ‘ನರ ಹಿಡ್ಕಂಡೈತೆ’ ಎಂಬ ಒಂದೇ ಮಾತು ಇಟ್ಟುಕೊಂಡಿದ್ದೇವೆ.

ಇನ್ನೊಂದು ಮಾತನ್ನೂ ಆ ದಿನ ಹೇಳಿದೆ. ನೋವೇ ಇಲ್ಲದವರ ಬೆನ್ನನ್ನು ಸ್ಕ್ಯಾನ್ ಮಾಡಿದ 33 ಅಧ್ಯಯನಗಳನ್ನು, ಒಟ್ಟು 3110 ಜನರ ಲೆಕ್ಕವನ್ನು, 2015ರಲ್ಲಿ ಒಟ್ಟು ಮಾಡಿ ನೋಡಿದ್ದಾರೆ. ಐವತ್ತರ ವಯಸ್ಸಿನಲ್ಲಿ ಬೆನ್ನುನೋವಿಲ್ಲದ ನೂರು ಜನರಲ್ಲಿ ಸುಮಾರು 60 ಜನಕ್ಕೆ ಬಲ್ಜ್ ಇರುತ್ತದೆ, 36 ಜನಕ್ಕೆ ಪ್ರೊಟ್ರೂಷನ್ ಇರುತ್ತದೆ. ಡಿಜನರೇಶನ್ ಅಂತೂ 80 ಜನಕ್ಕೆ. ಮಾವನಿಗೆ ಐವತ್ತೆರಡು. ಅಂದರೆ ಆ ಹಾಳೆಯ ಮೂರು ಸಾಲುಗಳಲ್ಲಿ ಎಷ್ಟೋ ಭಾಗ ಶೇಂಗಾ ಎತ್ತುವ ಹಿಂದಿನ ದಿನವೂ ಹಾಗೇ ಇದ್ದಿರಬೇಕು. ಆಗ ಯಾರೂ ಫೋಟೋ ತೆಗೆದಿರಲಿಲ್ಲ.

ಹಾಗಿದ್ದರೆ ಯಾವ ಸಾಲನ್ನು ನಂಬುವುದು? ಇದಕ್ಕೆ ಉತ್ತರ ಹಾಳೆಯಲ್ಲಿಲ್ಲ, ಕಾಲಿನಲ್ಲಿದೆ. ಎಲ್5 ನರದ ನೋವು ಇಳಿಯುವ ದಾರಿ ಸುಮಾರಾಗಿ ಗೊತ್ತಿರುವಂಥದ್ದು: ಕುಂಡಿ, ತೊಡೆಯ ಪಕ್ಕ, ಮೊಣಕಾಲಿನ ಕೆಳಗೆ ಹೊರಭಾಗ, ಪಾದದ ಮೇಲ್ಭಾಗ, ಹೆಬ್ಬೆರಳು. ಮಾವ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದು ಅದೇ ದಾರಿ, ಎಡಗಾಲಿನಲ್ಲಿ. ಎಲ್4-ಎಲ್5 ಡಿಸ್ಕ್ ನಡುಗೆರೆಯ ಪಕ್ಕದಲ್ಲಿ ಉಬ್ಬಿದರೆ ಅದಕ್ಕೆ ಸಿಗುವುದು ಎಲ್4 ನರವಲ್ಲ. ಅದು ಅಷ್ಟು ಹೊತ್ತಿಗೆ ಮೇಲಿನ ಕಿಂಡಿಯಿಂದ ಹೊರಗೆ ಹೋಗಿರುತ್ತದೆ. ಸಿಗುವುದು ಮುಂದಿನ ನಿಲ್ದಾಣಕ್ಕೆ ಹೊರಟಿರುವ ಎಲ್5. ಹಾಗಾಗಿ ನಡುವಿನ ಸಾಲಿಗೂ ಮಾವನ ಕಾಲಿಗೂ ತಾಳೆಯಾಯಿತು. ಮೂರನೆಯ ಸಾಲಿನಲ್ಲಿ ಬಲಗಡೆಯ ನರಕ್ಕೂ ತಾಗಿದೆ ಎಂದಿತ್ತಲ್ಲ, ಮಾವನ ಬಲಗಾಲಿಗೆ ಅದರ ಸುದ್ದಿಯೇ ಇರಲಿಲ್ಲ. ಒಂದೇ ಬೆನ್ನಿನಲ್ಲಿ, ಒಂದೇ ಪದ, ಒಂದು ಕಡೆ ರಾತ್ರಿ ನಿದ್ದೆ ಕೊಡುತ್ತಿಲ್ಲ, ಇನ್ನೊಂದು ಕಡೆ ಮಾತೇ ಇಲ್ಲ. ನರಕ್ಕೆ ಬರೀ ಮುಟ್ಟಿದ್ದರಿಂದ ನೋವಾಗುವುದಿಲ್ಲ. ಡಿಸ್ಕಿನ ಒಳಗಿನ ವಸ್ತು ಹೊರಬಂದಾಗ ಸುತ್ತ ಉರಿಯೂತ ಏಳುತ್ತದೆ, ಆ ಉರಿಯೂತಕ್ಕೆ ಸಿಕ್ಕ ನರ ಕೆರಳುತ್ತದೆ. ಅದು ಈ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ.

ಆಮೇಲೆ ಪರೀಕ್ಷೆ. ನಾನು ಇದನ್ನೆಲ್ಲ ಬಿಟ್ಟು ಹನ್ನೆರಡು ವರ್ಷ ಆಗಿತ್ತು. ಮಾವನನ್ನು ಅಂಗಾತ ಮಲಗಿಸಿ ಎಡಗಾಲನ್ನು ಮೊಣಕಾಲು ಮಡಚದೆ ಮೇಲೆತ್ತಿದೆ. ನಲವತ್ತು ಡಿಗ್ರಿಯ ಹತ್ತಿರ ಬಂದಾಗ ನೋವು ಪಾದದವರೆಗೆ ಹರಿದು ಅವನು “ಅವ್ವಾ” ಎಂದ. ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿ ಎಂದು ನನ್ನ ಬೆರಳಿನಿಂದ ಕೆಳಗೆ ಒತ್ತಿದೆ. ಗಟ್ಟಿಯಾಗಿಯೇ ಇತ್ತು. ಬಲಗಾಲಿನಷ್ಟೇ ಇದೆ ಅನ್ನಿಸಿತು. ಮೂತ್ರಕ್ಕೆ ತಡೆಯೋ, ಗೊತ್ತಾಗದೆ ಹೋಗುವುದೋ ಇದೆಯೇ, ಕೂರುವ ಜಾಗದಲ್ಲಿ ಮರಗಟ್ಟಿದೆಯೇ ಎಂದು ಕೇಳಿದೆ. ಇಲ್ಲ. ಅವು ಇದ್ದರೆ ಕಾಯುವಂತಿಲ್ಲ, ಅದೇ ದಿನ ಹೊರಡಬೇಕು.

ನನಗೆ ಧೈರ್ಯ ಬಂತು. ಇಂಥ ಕಾಲುನೋವಿನಲ್ಲಿ ಬಹಳ ಜನರಿಗೆ ಆರರಿಂದ ಹನ್ನೆರಡು ವಾರದೊಳಗೆ ತಾನಾಗಿಯೇ ತಗ್ಗುತ್ತದೆ. “ಕುರಿ ಮಾರಬೇಡ. ಇನ್ನೊಂದು ತಿಂಗಳು ನೋಡೋಣ. ಭಾರ ಎತ್ತಬೇಡ, ಮಲಗಿಕೊಂಡೇ ಇರಬೇಡ, ಓಡಾಡು” ಎಂದೆ. ಕಾಲಿನ ಬಲ ಕಡಿಮೆಯಾದರೆ ಫೋನ್ ಮಾಡು ಎಂದೂ ಹೇಳಿದೆ. ಮಾವ ಆ ಹೊತ್ತಿಗೆ ಏಳಲು ಪ್ರಯತ್ನಿಸುತ್ತಿದ್ದ, ಕೇಳಿಸಿಕೊಂಡನೋ ಇಲ್ಲವೋ. ಹುಡುಗಿ ಪೆನ್ಸಿಲಿನ ಅರ್ಥಗಳನ್ನೆಲ್ಲ ರಬ್ಬರಿನಿಂದ ಉಜ್ಜತೊಡಗಿದಳು. ಬೇಡ, ಇರಲಿ ಎಂದೆ.

ಅಷ್ಟೂ ಹೊತ್ತು ಬಾಗಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದ ಅತ್ತೆ ಆಗ ಬಾಯಿ ಬಿಟ್ಟಳು. “ನಂಗೂ ಒಂದು ಫೋಟೋ ತೆಗಿಸ್ಬೇಕೇನಪ್ಪ?”

ಅತ್ತೆಗೆ ಇಪ್ಪತ್ತು ವರ್ಷದಿಂದ ಸೊಂಟನೋವು. ಬಗ್ಗಿ ಕಳೆ ತೆಗೆದು, ಕುರಿಹಟ್ಟಿ ಗುಡಿಸಿ ಬಂದದ್ದು. ಕಾಲಿಗೆ ಇಳಿಯುತ್ತದೆಯೇ ಎಂದು ಕೇಳಿದೆ, ಇಲ್ಲ. ರಾತ್ರಿ ಜ್ವರ, ಬೆವರು, ತೂಕ ಇಳಿದಿದೆಯೇ? ಇಲ್ಲ. ಕುರಿ ಸಾಕುವ ಮನೆಯಲ್ಲಿ ಈ ಪ್ರಶ್ನೆಯನ್ನು ನಾನು ಬಿಡುವುದಿಲ್ಲ. ಕುರಿ ಕಂದು ಹಾಕಿದಾಗ ಬರಿಗೈಯಲ್ಲಿ ಎತ್ತುವವರಿಗೆ, ಹಸಿಹಾಲು ಕುಡಿಯುವವರಿಗೆ ಬ್ರುಸೆಲ್ಲಾ ಎಂಬ ಸೋಂಕು ತಗಲಿ ಬೆನ್ನುಮೂಳೆಯಲ್ಲಿ ಕೂರಬಹುದು. ಕ್ಷಯವೂ ಅಷ್ಟೇ. ಆಗ ವರದಿಯ ಪದಗಳೇ ಬೇರೆ, ಮೂಳೆಯ ಮಜ್ಜೆಯಲ್ಲಿ ಊತ, ಡಿಸ್ಕಿಗೆ ತಾಗಿದ ಮೂಳೆಯ ಅಂಚು ಸವೆತ, ಪಕ್ಕದಲ್ಲಿ ಕೀವು. ಅತ್ತೆಗೆ ಇದ್ಯಾವುದರ ಲಕ್ಷಣವೂ ಇರಲಿಲ್ಲ. “ನಿನಗೆ ಸ್ಕ್ಯಾನ್ ಬೇಡ ಅತ್ತೆ, ತೆಗೆಸಿದರೂ ಇದೇ ಮೂರು ಸಾಲು ಬರುತ್ತೆ” ಎಂದೆ.

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು. ಮಾವನ ನೋವಿಗೆ ಐದೇ ವಾರ, ಅದಕ್ಕಾಗಲೇ ಒಂದು ಕವರ್ ಇತ್ತು, ಇಂಗ್ಲಿಷಿನ ಸಾಕ್ಷಿ ಇತ್ತು, ಬಂದವರೆಲ್ಲ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವಳ ಇಪ್ಪತ್ತು ವರ್ಷಕ್ಕೆ ಒಂದು ಕಾಗದವೂ ಇರಲಿಲ್ಲ. ನಾನು ಕೊಟ್ಟ ಉತ್ತರ ಸರಿಯಾದದ್ದೇ. ಆದರೂ ಅದು ಅವಳು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ ಎಂದು ಬಸ್ಸಿನಲ್ಲಿ ಕುದಾಪುರ ದಾಟುವಾಗ ಹೊಳೆಯಿತು.

ಮೂರು ವಾರದ ನಂತರ ಫೋನ್ ಮಾಡಿದ್ದು ಅತ್ತೆಯೇ. ಮೊದಲು ಒಳ್ಳೆಯ ಸುದ್ದಿ. “ನಿಮ್ಮ ಮಾವಂಗೆ ನೋವು ಕಮ್ಮಿ ಆಗೈತೆ. ನಿನ್ನೆ ಕೆರೆ ಏರಿಗಂಟ ಹೋಗಿ ಬಂದ.” ನಾನು ನಗುತ್ತ ಏನೋ ಹೇಳಲು ಹೋದೆ. ಅವಳು ಮುಂದುವರಿಸಿದಳು: “ಆದ್ರೆ ಎಡಗಾಲಿನ ಚಪ್ಪಲಿ ನಿಲ್ಲಂಗಿಲ್ಲ ಕಣಪ್ಪ. ನಾಕು ಹೆಜ್ಜೆಗೊಂದ್ಸಲ ಕಳಚಿ ಬೀಳ್ತೈತೆ. ನಡಿಯೋವಾಗ ಆ ಕಾಲು ಟಪ್ ಟಪ್ ಅಂತೈತೆ. ಹೊಸ ಚಪ್ಪಲಿ ತಂದ್ಕೊಟ್ಟೆ, ಅದೂ ಬೀಳ್ತೈತೆ.”

ಎದ್ದು ನಿಂತುಬಿಟ್ಟೆ. ಹವಾಯಿ ಚಪ್ಪಲಿಯನ್ನು ಕಾಲಿಗೆ ಹಿಡಿದಿಟ್ಟುಕೊಳ್ಳುವುದು ನಾವು ಗಮನಿಸದ ಕೆಲಸ. ಪಾದವನ್ನೂ ಬೆರಳುಗಳನ್ನೂ ಮೇಲಕ್ಕೆ ಎತ್ತುವ ಸ್ನಾಯುಗಳು ಅದನ್ನು ಮಾಡುತ್ತವೆ, ಅವಕ್ಕೆ ಬಹುಪಾಲು ಅಪ್ಪಣೆ ಹೋಗುವುದು ಎಲ್5ರ ದಾರಿಯಲ್ಲಿ. ಅದು ಸೋತಾಗ ಹಿಮ್ಮಡಿ ಊರಿದ ಮೇಲೆ ಮುಂಗಾಲು ಮೆಲ್ಲಗೆ ಇಳಿಯುವುದಿಲ್ಲ, ಬಡಿಯುತ್ತದೆ. ನೋವು ತಗ್ಗಿ ಬಲ ಕುಂದುವುದು ಗುಣವಾಗುತ್ತಿರುವ ಲಕ್ಷಣವಲ್ಲ; ನರ ದೂರು ಹೇಳುವುದನ್ನೂ ಬಿಟ್ಟಿದೆ ಎಂದಿರಬಹುದು. ಮಾವನಿಗೆ ಇದು ತಿಳಿಯುವಂತಿರಲಿಲ್ಲ. ನಾನು ‘ಕಾಲಿನ ಬಲ ಕಡಿಮೆಯಾದರೆ’ ಎಂದಿದ್ದೆ. ಅವನ ಲೆಕ್ಕದಲ್ಲಿ ಕಾಲಿನ ಬಲ ಎಂದರೆ ಹೊರೆ ಹೊತ್ತು ನಡೆಯುವುದು. ಚಪ್ಪಲಿ ಬಿದ್ದರೆ ಅದು ಚಪ್ಪಲಿಯ ದೋಷ.

“ಅತ್ತೆ, ಮಾವನ್ನ ಹಿಮ್ಮಡಿ ಮೇಲೆ ನಿಲ್ಲಿಸು. ಮುಂಗಾಲು ಎರಡೂ ಮೇಲೆತ್ತಿ ನಾಕು ಹೆಜ್ಜೆ ಹಾಕಿಸು.”

ಫೋನಿನಲ್ಲಿ ಅವಳು ಹೇಳುವುದು, ಅವನು ಗೊಣಗುವುದು ಕೇಳಿಸಿತು. ಆಮೇಲೆ ಅತ್ತೆ: “ಬಲಗಾಲು ಎತ್ತುತಾನೆ. ಎಡಗಾಲು ಏಳಾಕಿಲ್ಲ.”

ಎರಡು ದಿನದೊಳಗೆ ಬೆಂಗಳೂರಿಗೆ ಕರೆಸಿಕೊಂಡೆ. ಸ್ನಾಯುಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರೆ. ಐದು ಎಂದರೆ ಪೂರ್ತಿ, ಮೂರು ಎಂದರೆ ಯಾರೂ ಒತ್ತದಿದ್ದರೆ ತನ್ನ ಭಾರವನ್ನು ತಾನು ಎತ್ತುವಷ್ಟು. ಶಸ್ತ್ರಚಿಕಿತ್ಸಕರು ನೋಡಿದಾಗ ಮಾವನ ಪಾದ ಮೂರು, ಹೆಬ್ಬೆರಳು ಎರಡು. ಹೊಸ ಎಂಆರ್‌ಐ ಆಯಿತು. ಈ ಸಲ ಪರದೆಯ ಮುಂದೆ ನಾನೂ ಕೂತಿದ್ದೆ. ಎಲ್4-ಎಲ್5ರ ಎಡಗಡೆ, ಆ ದಿನ ಗುಬುಟಿನ ಹಾಗಿದ್ದ ಜಾಗದಲ್ಲಿ, ಕಿರಿದಾದ ಕುತ್ತಿಗೆಯೂ ಅಗಲವಾದ ತಲೆಯೂ ಇರುವ ಒಂದು ತುಂಡು ಎಲ್5 ಮೂಳೆಯ ಬೆನ್ನಿಗೆ ಕೆಳಕ್ಕೆ ಜಾರಿ ಕೂತಿತ್ತು. ಎಳ್ಳಿನಂಥ ಚುಕ್ಕಿ ಗೆರೆಯಾಗಿತ್ತು. ವರದಿ ಬರೆದ ಸಹೋದ್ಯೋಗಿ ಎಕ್ಸ್‌ಟ್ರೂಷನ್ ಎಂದೂ, ನರದ ಬೇರನ್ನು ಹಿಸುಕಿದೆ ಎಂದೂ ಬರೆದರು. ಮೂರನೆಯ ಸಾಲು, ಬಲಗಡೆ ತಾಗಿದೆ ಎಂಬುದು, ಈ ವರದಿಯಲ್ಲಿ ಇರಲೇ ಇಲ್ಲ. ಚಿತ್ರದಲ್ಲಿ ಏನೂ ಬದಲಾಗಿರಲಿಲ್ಲ. ಇವರಿಗೆ ಅದು ಬರೆಯುವಷ್ಟು ಅನ್ನಿಸಿರಲಿಲ್ಲ, ಅಷ್ಟೇ. ಅಮೆರಿಕದಲ್ಲಿ 63 ವರ್ಷದ ಒಬ್ಬ ಹೆಂಗಸನ್ನು ಮೂರು ವಾರದೊಳಗೆ ಹತ್ತು ಬೇರೆ ಬೇರೆ ಕೇಂದ್ರಗಳಿಗೆ ಕಳಿಸಿ ಎಂಆರ್‌ಐ ಮಾಡಿಸಿದ ಅಧ್ಯಯನವೊಂದಿದೆ, 2017ರದು. ಹತ್ತು ವರದಿಗಳಲ್ಲಿ ಒಟ್ಟು 49 ಬಗೆಯ ದೋಷಗಳು ದಾಖಲಾದವು. ಹತ್ತರಲ್ಲೂ ಒಂದೇ ರೀತಿ ಬಂದ ದೋಷ ಒಂದೂ ಇರಲಿಲ್ಲ. ಓದಿದಾಗ ನಕ್ಕಿದ್ದೆ.

ಮೊದಲ ವರದಿ ತಪ್ಪಾಗಿತ್ತೇ? ಬಹಳ ಸಲ ಆ ಹಳೆಯ ಫಿಲ್ಮನ್ನು ನೋಡಿದ್ದೇನೆ. ಇಲ್ಲ, ಸರಿಯಾಗಿತ್ತು. ಆ ದಿನ, ಮೊಣಕಾಲಿನ ಕೆಳಗೆ ದಿಂಬಿಟ್ಟು, ಅಂಗಾತ ಮಲಗಿ, ಬೆನ್ನಿನ ಮೇಲೆ ಯಾವ ಭಾರವೂ ಇಲ್ಲದ ಆ ಅರ್ಧ ಗಂಟೆಯಲ್ಲಿ ಡಿಸ್ಕು ನರಕ್ಕೆ ಬರೀ ತಾಗಿತ್ತು. ನಾನು ಆ ಪದವನ್ನು ಮುಂದಿನ ತಿಂಗಳಿಗೂ ಅನ್ವಯಿಸಿದೆ. ಮಾವ ಹಾಳೆಯನ್ನು ಓದಿ ಹೆದರಿದ್ದ, ನಾನು ಅದೇ ಹಾಳೆಯನ್ನು ಓದಿ ಧೈರ್ಯ ಹೇಳಿದ್ದೆ. ಕಾಯೋಣ ಎಂದದ್ದರಲ್ಲಿ ತಪ್ಪು ಈಗಲೂ ಕಾಣುವುದಿಲ್ಲ, ಆ ದಿನ ಯಾರೇ ಆದರೂ ಬಹುಶಃ ಅದನ್ನೇ ಹೇಳುತ್ತಿದ್ದರು. ಹೆಬ್ಬೆರಳನ್ನು ಒಂದೇ ಸಲ ಒತ್ತಿ ಬಿಟ್ಟದ್ದು, ಹಿಮ್ಮಡಿಯ ಮೇಲೆ ನಡೆಸದೇ ಇದ್ದದ್ದು, ಚಪ್ಪಲಿಯ ಮಾತು ಆಡದೆ ‘ಬಲ’ ಎಂದದ್ದು, ಇವು ಮಾತ್ರ ನನ್ನವು.

ಆಪರೇಷನ್ನಿನ ಹಿಂದಿನ ರಾತ್ರಿ ಮಾವ ಕೇಳಿದ, “ಬಿಟ್ರೆ ಅದೇ ಒಣಗಿ ಹೋಗಾಕಿಲ್ಲೇನು?” ಅದು ದಡ್ಡ ಪ್ರಶ್ನೆಯಲ್ಲ. ಹೊರಬಿದ್ದ ಡಿಸ್ಕನ್ನು ದೇಹವೇ ಕರಗಿಸಿಕೊಳ್ಳುತ್ತದೆ, ಮತ್ತು ಹೆಚ್ಚು ಹೊರಬಂದದ್ದೇ ಹೆಚ್ಚು ಕರಗುತ್ತದೆ. 2015ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದವರಿಗೆ ಬಲ್ಜ್‌ನಲ್ಲಿ ನೂರಕ್ಕೆ 13, ಪ್ರೊಟ್ರೂಷನ್‌ನಲ್ಲಿ 41, ಎಕ್ಸ್‌ಟ್ರೂಷನ್‌ನಲ್ಲಿ 70 ಕುಗ್ಗಿದ್ದು ಕಂಡಿತ್ತು. ಕೇಳಲು ಭಯವಾಗುವ ಪದಕ್ಕೇ ಒಳ್ಳೆಯ ಅಂಕಿ. “ಅದು ಒಣಗಬಹುದು ಮಾವ. ಅಷ್ಟರೊಳಗೆ ಬೆರಳು ಒಣಗಿದರೆ?” ಎಂದೆ. ನೋವಿಗೆ ಮಾತ್ರವಾದರೆ ಕಾಯಬಹುದು, ದಿನದಿನಕ್ಕೆ ಬಲ ಇಳಿಯುತ್ತಿದ್ದರೆ ಕಾದಷ್ಟೂ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಕುರಿಗಳನ್ನು ಅತ್ತೆ ಅಷ್ಟರಲ್ಲಿ ಮಾರಿಯಾಗಿತ್ತು, ಹದಿನಾಲ್ಕೂ. ನಾನು ಕೊಡುತ್ತೇನೆ ಎಂದದ್ದರಲ್ಲಿ ಅರ್ಧ ಮಾತ್ರ ತೆಗೆದುಕೊಂಡಳು.

ಸಣ್ಣ ಗಾಯದಿಂದಲೇ ತುಂಡನ್ನು ತೆಗೆದರು. ಕಾಲುನೋವು ಎದ್ದ ದಿನವೇ ಇರಲಿಲ್ಲ. ಬೆರಳು ಬರಲು ಹೊತ್ತು ಹಿಡಿಯಿತು.

ಮಾರ್ಚ್‌ನಲ್ಲಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೋದೆ. ಗುಡಿಯ ಸುತ್ತ ಹರಕೆಯ ಒಣಕೊಬ್ಬರಿ ಸುಡುವ ಹೊಗೆ, ಎಲ್ಲರ ಬಟ್ಟೆಯಲ್ಲೂ ಅದೇ ವಾಸನೆ. ಮಾವ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ತೇರಿನಿಂದ ದೂರ ನಿಂತಿದ್ದ. ಮನೆಗೆ ಬಂದ ಮೇಲೆ ಹೆಬ್ಬೆರಳು ಎತ್ತಿಸಿ ಒತ್ತಿದೆ. ನಾಲ್ಕು ಎನ್ನಬಹುದು. ಐದಲ್ಲ. ಈಗ ಬೆಳಗ್ಗೆ ಎದ್ದವನೇ ಮಂಚದ ಮೇಲೆ ಕೂತು ಎರಡೂ ಹೆಬ್ಬೆರಳನ್ನು ಕುಣಿಸಿ ನೋಡುತ್ತಾನೆ ಎಂದು ಅತ್ತೆ ನಕ್ಕಳು. ಅವಳ ಸೊಂಟ ಹೇಗಿದೆ ಎಂದು ಕೇಳಿದೆ. ಕುರಿ ಇಲ್ಲವಲ್ಲ, ಹಟ್ಟಿ ಗುಡಿಸುವ ಕೆಲಸ ತಪ್ಪಿದೆ, ವಾಸಿ ಎಂದಳು. ಯಾವಾಗ ಹೆಚ್ಚು, ಎಲ್ಲಿ, ಏಳುವಾಗಲೋ ಬಗ್ಗುವಾಗಲೋ ಎಂದು ಎಲ್ಲ ಕೇಳಿ, ಹುಡುಗಿಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕನ್ನಡದಲ್ಲಿ ಬರೆದುಕೊಟ್ಟೆ, ತಾರೀಖು ಹಾಕಿ. ಅದನ್ನು ಅವಳು ಮಾವನ ಕವರಿನೊಳಗೆ ಸೇರಿಸಿಟ್ಟಳು.

ಸಂಜೆ ಎದುರುಮನೆಯವರು ಬಂದರು. ಕೈಯಲ್ಲಿ ಕವರ್. “ಸ್ವಲ್ಪ ಇದೊಂದು ನೋಡ್ರಿ ಡಾಕ್ಟ್ರೆ, ನಾಕನೇದು ಐದನೇದು ಎಲ್ಡೂ ಬಲ್ಜು ಅಂತ ಬಂದೈತೆ” ಎಂದು ಮುಂದೆ ಚಾಚಿದರು. ನಾನು ಕೈ ನೀಡುವಷ್ಟರಲ್ಲಿ ಒಳಗಿನಿಂದ ಮಾವನ ಧ್ವನಿ ಕೇಳಿಸಿತು.

“ಕವರ್ ಆ ಕಡೆ ಇಡು ಮಾರಾಯ. ಮೊದ್ಲು ಚಪ್ಪಲಿ ಬಿಟ್ಟು ಹಿಮ್ಮಡಿ ಮೇಲೆ ನಾಕು ಹೆಜ್ಜೆ ನಡ್ದು ತೋರ್ಸು.”